ಆಪರೇಷನ್ ಎಡವಟ್ಟಾದಾಗ ಆಸ್ಪತ್ರೆ ಬರೆಯಬೇಕಾದ ಪತ್ರ

ಶಸ್ತ್ರಚಿಕಿತ್ಸೆಯಲ್ಲಿ ಎಣಿಸದ ತೊಂದರೆಯಾಗಿ ರೋಗಿಗೆ ಹಾನಿಯಾದಾಗ, ನಡೆದದ್ದೇನು, ಅದರಿಂದ ದೇಹಕ್ಕೆ ಏನಾಗಿದೆ, ಮುಂದಿನ ಚಿಕಿತ್ಸೆ ಯಾವುದು ಎಂಬುದನ್ನು ತಿಳಿಸಿ ಕ್ಷಮೆ ಕೇಳುವ ಪತ್ರವನ್ನು ಇಂಗ್ಲೆಂಡಿನ ಆಸ್ಪತ್ರೆಗಳು ಕಾನೂನಿನ ಪ್ರಕಾರವೇ ಬರೆದುಕೊಡಬೇಕು. ಅಲ್ಲಿ ಇದು ವೈದ್ಯರ ಒಳ್ಳೆಯತನಕ್ಕೆ ಬಿಟ್ಟ ವಿಷಯವಲ್ಲ. ಪತ್ರದಲ್ಲಿ ಏನೇನು ಇರಬೇಕು, ಅದಕ್ಕೆ ಮೊದಲು ಏನು ನಡೆದಿರಬೇಕು, ಕೊಡದಿದ್ದರೆ ಏನಾಗುತ್ತದೆ ಎಂಬುದೆಲ್ಲ ಅಲ್ಲಿನ ನಿಯಮದಲ್ಲಿದೆ.

ಈ ನಿಯಮ ಬಂದದ್ದು ತಡವಾಗಿ. 1990ರಲ್ಲಿ ವೇಲ್ಸ್‌ನಲ್ಲಿ ರಾಬಿ ಪೊವೆಲ್ ಎಂಬ ಹತ್ತು ವರ್ಷದ ಹುಡುಗ, ಚಿಕಿತ್ಸೆಯಿರುವ ಆಡಿಸನ್ಸ್ ಕಾಯಿಲೆಯನ್ನು ವೈದ್ಯರು ಗುರುತಿಸದೆ ತೀರಿಕೊಂಡ. ಅವನ ತಂದೆ ವಿಲ್ ಪೊವೆಲ್ ನಿಜ ತಿಳಿಯಲು ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು. ರೋಗಿಯ ಮನೆಯವರಿಗೆ ಸತ್ಯ ಹೇಳಲೇಬೇಕೆಂದು ವೈದ್ಯರನ್ನು ಕಟ್ಟಿಹಾಕುವ ಕಾನೂನು ಬ್ರಿಟನ್ನಿನಲ್ಲಿ ಇಲ್ಲ ಎಂಬುದು ಆ ಹೋರಾಟದಲ್ಲಿ ಬಯಲಾಯಿತು. ಆಮೇಲೆ ಸ್ಟಾಫರ್ಡ್ ಆಸ್ಪತ್ರೆಯ ದುರವಸ್ಥೆಯ ಬಗ್ಗೆ ವಿಚಾರಣೆ ನಡೆಸಿದ ರಾಬರ್ಟ್ ಫ್ರಾನ್ಸಿಸ್ 2013ರ ವರದಿಯಲ್ಲಿ ಇಂಥ ಕಾನೂನು ಬೇಕೆಂದು ಶಿಫಾರಸು ಮಾಡಿದರು. 2014ರ ನವೆಂಬರಿನಿಂದ ಸರ್ಕಾರಿ ಆರೋಗ್ಯ ಸೇವೆಯ (ಎನ್‌ಎಚ್‌ಎಸ್) ಸಂಸ್ಥೆಗಳಿಗೂ, 2015ರ ಏಪ್ರಿಲ್‌ನಿಂದ ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳಿಗೂ ಅದು ಅನ್ವಯವಾಯಿತು. ಕಾನೂನಿನ ಪುಸ್ತಕದಲ್ಲಿ ಅದರ ಸ್ಥಾನ 20ನೇ ನಿಯಮ. ಆಡುಮಾತಿನಲ್ಲಿ ‘ಡ್ಯೂಟಿ ಆಫ್ ಕ್ಯಾಂಡರ್’, ಎಂದರೆ ಮುಚ್ಚುಮರೆಯಿಲ್ಲದೆ ಹೇಳುವ ಹೊಣೆ.

ಎಲ್ಲ ತೊಂದರೆಗೂ ಪತ್ರ ಬೇಕಿಲ್ಲ. ಹೊಲಿಗೆಯ ಜಾಗ ಎರಡು ದಿನ ಕೆಂಪಾಗಿದ್ದರೆ ನರ್ಸ್ ಬಾಯಿಮಾತಿನಲ್ಲಿ ಹೇಳಿದರೆ ಸಾಕು. ಎಣಿಸದ ಘಟನೆಯಿಂದ ರೋಗಿ ಸತ್ತಿದ್ದರೆ, ತೀವ್ರ ಹಾನಿಯಾಗಿದ್ದರೆ, ಅಥವಾ ಮತ್ತೆ ಆಪರೇಷನ್, ಮತ್ತೆ ದಾಖಲಾತಿ, ಹೆಚ್ಚು ದಿನದ ಚಿಕಿತ್ಸೆ ಬೇಕಾಗುವಷ್ಟು ಮಧ್ಯಮ ಹಾನಿಯಾಗಿದ್ದರೆ ಎನ್‌ಎಚ್‌ಎಸ್ ಆಸ್ಪತ್ರೆಗಳಲ್ಲಿ ನಿಯಮ ಜಾರಿಗೆ ಬರುತ್ತದೆ. ಸತತ 28 ದಿನ ಕಾಡುವ ಮಾನಸಿಕ ಆಘಾತವೂ ಈ ಲೆಕ್ಕಕ್ಕೆ ಸೇರುತ್ತದೆ. ತಪ್ಪು ಯಾರದು ಎಂಬ ಪ್ರಶ್ನೆ ಈ ಹಂತದಲ್ಲಿ ಏಳುವುದೇ ಇಲ್ಲ. ಯಾರ ತಪ್ಪೂ ಇಲ್ಲದಿದ್ದರೂ ಪತ್ರ ಹೋಗಬೇಕಾಗಬಹುದು. ಈ ಅಂಶ ಹಲವು ವೈದ್ಯರಿಗೂ ಸುಲಭವಾಗಿ ಒಗ್ಗುವುದಿಲ್ಲ.

ಪತ್ರದ ಒಳಗೇನಿರುತ್ತದೆ ಎಂದು ತಿಳಿಯಲು, ಇಂಥ ಪತ್ರಗಳಿಗೆ ಆಗಾಗ ಕಾರಣವಾಗುವ ಒಂದು ಆಪರೇಷನ್ನನ್ನೇ ತೆಗೆದುಕೊಳ್ಳಬಹುದು: ಕಲ್ಲು ಕಟ್ಟಿದ ಪಿತ್ತಕೋಶವನ್ನು ಕೀಹೋಲ್ ವಿಧಾನದಲ್ಲಿ, ಅಂದರೆ ಹೊಟ್ಟೆಯ ಮೇಲೆ ನಾಲ್ಕು ಪುಟ್ಟ ರಂಧ್ರ ಮಾಡಿ ತೆಗೆಯುವುದು. ಜಗತ್ತಿನಾದ್ಯಂತ ದಿನವೂ ನಡೆಯುವ ಆಪರೇಷನ್ ಇದು. ಬಹುಪಾಲು ಜನ ಅದೇ ದಿನ ಅಥವಾ ಮರುದಿನ ಮನೆಗೆ ಹೋಗುತ್ತಾರೆ. ಸಾವಿರದಲ್ಲಿ ಸುಮಾರು ಮೂರರಿಂದ ಐದು ಜನರಿಗೆ ಮಾತ್ರ ಮುಖ್ಯ ಪಿತ್ತನಾಳಕ್ಕೆ ಪೆಟ್ಟಾಗುತ್ತದೆ. ಆಗುವ ಬಗೆ ಹೀಗೆ. ಲಿವರಿನಿಂದ ಕರುಳಿಗೆ ಪಿತ್ತರಸ ಒಯ್ಯುವ ಮುಖ್ಯ ನಾಳವೊಂದಿದೆ. ಪಿತ್ತಕೋಶದಿಂದ ಹೊರಡುವ ಸಣ್ಣ ನಾಳ ಅದಕ್ಕೆ ಬಂದು ಸೇರುತ್ತದೆ. ಸರ್ಜನ್ ಕ್ಲಿಪ್ ಹಾಕಿ ಕತ್ತರಿಸಬೇಕಾದ್ದು ಈ ಸಣ್ಣ ನಾಳವನ್ನು. ಆದರೆ ಪದೇ ಪದೇ ಉರಿಯೂತವಾದ ಪಿತ್ತಕೋಶ ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ಹಿಡಿದು ಎಳೆದಾಗ ಮುಖ್ಯ ನಾಳವೂ ಸಾಲಿಗೆ ಬಂದು ಸಣ್ಣ ನಾಳದಂತೆಯೇ ಪರದೆಯ ಮೇಲೆ ಕಾಣುತ್ತದೆ. ಕೈ ನಡುಗಿ ಆಗುವ ತಪ್ಪಿಗಿಂತ ಕಣ್ಣು ಮೋಸಹೋಗಿ ಆಗುವ ತಪ್ಪೇ ಇಲ್ಲಿ ಹೆಚ್ಚು. ಕತ್ತರಿಸಿದವರಿಗೆ ಆ ಕ್ಷಣದಲ್ಲಿ ಅದು ಗೊತ್ತೇ ಆಗದೆ ಆಪರೇಷನ್ ಸುಸೂತ್ರವಾಗಿ ಮುಗಿಯಿತೆಂದು ಬರೆದಿಡುವುದೂ ಉಂಟು.

ಈಗ ಒಂದು ಕಲ್ಪಿತ ಪ್ರಕರಣ. ನಲವತ್ತಾರು ವರ್ಷದ ಮಹಿಳೆಗೆ ಮಂಗಳವಾರ ಆಪರೇಷನ್ ಆಗಿ ಬುಧವಾರ ಮನೆಗೆ ಕಳಿಸಿದರು. ಗುರುವಾರ ಹೊಟ್ಟೆ ಉಬ್ಬರಿಸಿತು, ಶುಕ್ರವಾರ ಜ್ವರ, ಬಲಪಕ್ಕೆಯಲ್ಲಿ ತಡೆಯಲಾರದ ನೋವು, ಕಣ್ಣಲ್ಲಿ ಸಣ್ಣಗೆ ಹಳದಿ. ಮತ್ತೆ ಆಸ್ಪತ್ರೆಗೆ ಬಂದಾಗ ಸ್ಕ್ಯಾನಿನಲ್ಲಿ ಲಿವರಿನ ಕೆಳಗೆ ಪಿತ್ತರಸ ಸೋರಿ ನಿಂತಿರುವುದು ಕಂಡಿತು. ಚರ್ಮದ ಮೂಲಕ ಕೊಳವೆಯೊಂದನ್ನು ಇಳಿಸಿ ಅದನ್ನು ಹೊರತೆಗೆದರು. ಎಂಆರ್ ಸ್ಕ್ಯಾನ್ ಮಾಡಿದಾಗ ಮುಖ್ಯ ನಾಳವೇ ತುಂಡಾಗಿರುವುದು ಖಚಿತವಾಯಿತು. ಸಣ್ಣ ನಾಳದ ಬುಡದಿಂದ ಮಾತ್ರ ಸೋರಿಕೆಯಿದ್ದಿದ್ದರೆ ಎಂಡೋಸ್ಕೋಪ್ ಮೂಲಕ ಸ್ಟೆಂಟ್ ಇಟ್ಟು ಸರಿಪಡಿಸಬಹುದಿತ್ತು. ತುಂಡಾದ ನಾಳಕ್ಕೆ ಅಷ್ಟು ಸಾಲದು. ಲಿವರಿನ ಬಳಿ ಉಳಿದಿರುವ ನಾಳದ ತುದಿಗೆ ಸಣ್ಣ ಕರುಳಿನ ಒಂದು ಕುಣಿಕೆಯನ್ನೇ ತಂದು ಜೋಡಿಸಬೇಕು. ಅದಕ್ಕೆ ಲಿವರ್ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ತಂಡವಿರುವ ದೊಡ್ಡ ಆಸ್ಪತ್ರೆ ಬೇಕು, ಸೋಂಕು ಇಳಿಯುವವರೆಗೆ ಕೆಲವು ವಾರ ಕಾಯಬೇಕಾಗಲೂಬಹುದು.

ಪತ್ರಕ್ಕೂ ಮೊದಲು ಮಾತುಕತೆ ಆಗಿರಬೇಕು ಎನ್ನುತ್ತದೆ ನಿಯಮ. ಶನಿವಾರ ಬೆಳಿಗ್ಗೆ ಆಪರೇಷನ್ ಮಾಡಿದ ಸರ್ಜನ್ ವಾರ್ಡಿನ ಹಾಸಿಗೆಯ ಬಳಿ ಬಂದು, ಪರದೆ ಎಳೆದು, ಗಂಡನೂ ಪಕ್ಕದಲ್ಲಿರುವಾಗ ಗೊತ್ತಿರುವಷ್ಟನ್ನೂ ಹೇಳಬೇಕು, ‘ಹೀಗಾದದ್ದಕ್ಕೆ ಕ್ಷಮಿಸಿ’ ಎಂದು ಬಾಯಿಬಿಟ್ಟು ಹೇಳಬೇಕು. ಇಂಗ್ಲಿಷ್ ಬಾರದ ರೋಗಿಗೆ ದುಭಾಷಿ ಬೇಕು, ಮನೆಯ ಮಕ್ಕಳನ್ನು ಆ ಕೆಲಸಕ್ಕೆ ಹಚ್ಚುವುದು ಸರಿಯಲ್ಲ. ಆ ಮಾತುಕತೆಯಲ್ಲಿ ಏನು ಹೇಳಿದ್ದು, ರೋಗಿ ಏನು ಕೇಳಿದ್ದು ಎಂಬುದು ಕೇಸ್‌ಶೀಟಿನಲ್ಲಿ ದಾಖಲಾಗಬೇಕು. ನೋವಿನಲ್ಲಿ ಮಲಗಿದವರಿಗೆ ಹೇಳಿದ್ದರಲ್ಲಿ ಅರ್ಧವೂ ತಲೆಗೆ ಹೋಗಿರುವುದಿಲ್ಲ. ಆದ್ದರಿಂದಲೇ ಅದೇ ವಿಷಯ ಕಾಗದದ ಮೇಲೂ ಬರಬೇಕು ಎಂಬ ನಿಯಮ ಬಂದದ್ದು. ಮಾತುಕತೆಯೇ ಆಗದೆ ನೇರವಾಗಿ ಅಂಚೆಯಲ್ಲಿ ಬಂದ ಪತ್ರ, ಎಷ್ಟೇ ಚೆನ್ನಾಗಿ ಬರೆದಿದ್ದರೂ, ನಿಯಮವನ್ನು ಮುರಿದಂತೆಯೇ.

ಪತ್ರಕ್ಕೆ ಸಹಿ ಹಾಕುವವರು ಸಾಮಾನ್ಯವಾಗಿ ಆ ಸರ್ಜನ್. ಆದರೆ ಕಾನೂನಿನ ಹೊಣೆ ಆಸ್ಪತ್ರೆಯದು. ವೈದ್ಯರಿಗೆ ಅವರ ಮಂಡಳಿಯ ವೃತ್ತಿನಿಯಮದ ಪ್ರಕಾರ ಬೇರೆಯೇ ವೈಯಕ್ತಿಕ ಹೊಣೆಯಿದೆ. ಕನ್ನಡದಲ್ಲಿ ಬರೆದಿದ್ದರೆ ಈ ಪ್ರಕರಣದ ಪತ್ರದ ಮೊದಲ ಭಾಗ ಹೀಗಿರುತ್ತಿತ್ತು:

‘ಶನಿವಾರ ಬೆಳಿಗ್ಗೆ ವಾರ್ಡಿನಲ್ಲಿ ನಿಮ್ಮೊಡನೆಯೂ ನಿಮ್ಮ ಯಜಮಾನರೊಡನೆಯೂ ಮಾತಾಡಿದ ವಿಷಯವನ್ನು ಬರವಣಿಗೆಯಲ್ಲಿ ತಿಳಿಸುತ್ತಿದ್ದೇನೆ. ಮಂಗಳವಾರ ನಿಮ್ಮ ಪಿತ್ತಕೋಶವನ್ನು ತೆಗೆಯುವಾಗ, ಕತ್ತರಿಸಬಾರದಿದ್ದ ಮುಖ್ಯ ಪಿತ್ತನಾಳವನ್ನು ನಾನು ಕತ್ತರಿಸಿದೆ. ಆಗ ಅದು ನನ್ನ ಗಮನಕ್ಕೆ ಬರಲಿಲ್ಲ. ಇದರಿಂದ ಪಿತ್ತರಸ ಹೊಟ್ಟೆಯೊಳಗೆ ಸೋರಿ ನಿಮಗೆ ನೋವು, ಜ್ವರ, ಕಾಮಾಲೆ ಬಂತು. ಇನ್ನೊಂದು ದೊಡ್ಡ ಆಪರೇಷನ್ ಈಗ ಅನಿವಾರ್ಯವಾಗಿದೆ. ಹೀಗಾದದ್ದಕ್ಕೆ ನಾನು ಮತ್ತು ಈ ಆಸ್ಪತ್ರೆ ನಿಮ್ಮ ಕ್ಷಮೆ ಕೇಳುತ್ತೇವೆ.’

ಈ ಭಾಗದ ಜೀವವೆಲ್ಲ ‘ನಾನು ಕತ್ತರಿಸಿದೆ’ ಎಂಬಲ್ಲಿದೆ. ಪತ್ರಗಳು ಕೆಡುವುದೂ ಅಲ್ಲಿಯೇ. ‘ಶಸ್ತ್ರಚಿಕಿತ್ಸೆಯ ವೇಳೆ ಪಿತ್ತನಾಳಕ್ಕೆ ಗಾಯ ಸಂಭವಿಸಿರುವುದು ಕಂಡುಬಂದಿದೆ’ ಎಂದು ಬರೆದರೆ ಸುಳ್ಳೇನಲ್ಲ, ಆದರೆ ನಾಳ ತನ್ನಷ್ಟಕ್ಕೆ ತಾನೇ ಹರಿದುಕೊಂಡಂತೆ ಓದಿಸಿಕೊಳ್ಳುತ್ತದೆ. ‘ನಿಮಗೆ ಬೇಸರವಾಗಿದ್ದಲ್ಲಿ ವಿಷಾದಿಸುತ್ತೇವೆ’ ಎಂಬುದು ಇನ್ನೂ ಕೆಟ್ಟದ್ದು, ಏಕೆಂದರೆ ಅಲ್ಲಿ ಕ್ಷಮೆ ಕೇಳುತ್ತಿರುವುದು ರೋಗಿಯ ಬೇಸರಕ್ಕೇ ಹೊರತು ತುಂಡಾದ ನಾಳಕ್ಕಲ್ಲ. ‘ಇದು ಗೊತ್ತಿರುವ ಅಪಾಯ, ನೀವು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ್ದೀರಿ’ ಎಂಬ ವಾಕ್ಯ ಎರಡನೆಯ ಪ್ಯಾರಾದಲ್ಲೇ ಬಂದರೆ ರೋಗಿ ಮುಂದೆ ಓದುವುದಿಲ್ಲ. ಒಪ್ಪಿಗೆ ಪತ್ರದಲ್ಲಿ ಅಪಾಯದ ಹೆಸರಿದೆ ಎಂದ ಮಾತ್ರಕ್ಕೆ ಆಸ್ಪತ್ರೆಗೆ ಈ ಹೊಣೆ ತಪ್ಪುವುದೂ ಇಲ್ಲ. ಚಿಕಿತ್ಸೆ ಅಂದುಕೊಂಡಂತೆಯೇ ನಡೆಯಿತೇ ಎಂಬುದು ಇಲ್ಲಿನ ಪ್ರಶ್ನೆ. ಮುಖ್ಯ ನಾಳವನ್ನು ಕತ್ತರಿಸುವುದು ಯಾವ ಸರ್ಜನ್‌ನ ಉದ್ದೇಶವೂ ಆಗಿರಲಾರದು.

ಹಾಗೆಂದು ಗೊತ್ತಿಲ್ಲದ್ದನ್ನು ಊಹಿಸಿ ಬರೆಯುವುದೂ ತಪ್ಪೇ. ಪತ್ರ ಹೇಳಬೇಕಾದ್ದು ಅಂದಿಗೆ ಖಚಿತವಾಗಿರುವ ಸಂಗತಿಯನ್ನು. ನಾಳ ತುಂಡಾಗಿದೆ ಎಂಬುದು ಖಚಿತ. ಯಾಕೆ ತುಂಡಾಯಿತು ಎಂಬುದು ಇನ್ನೂ ಇಲ್ಲ. ಉರಿಯೂತ ಹೆಚ್ಚಿತ್ತೇ, ಸಹಾಯಕ್ಕಿದ್ದವರು ಹೊಸಬರೇ, ಇನ್ನೊಬ್ಬ ಸರ್ಜನ್‌ನನ್ನು ಕರೆಯಬಹುದಿತ್ತೇ ಎಂಬುದೆಲ್ಲ ವಿಚಾರಣೆಗೆ ಬಿಟ್ಟದ್ದು. ಆದ್ದರಿಂದ ಪತ್ರದ ಮುಂದಿನ ಭಾಗದಲ್ಲಿ ಏನೇನು ಗೊತ್ತಿಲ್ಲ ಎಂಬುದನ್ನೂ ಅಷ್ಟೇ ಬಿಚ್ಚಿ ಹೇಳಬೇಕು: ‘ಎರಡು ನಾಳಗಳನ್ನು ಬೇರೆ ಬೇರೆಯಾಗಿ ಗುರುತಿಸಲು ನಾವು ಅನುಸರಿಸುವ ಕ್ರಮ ನಿಮ್ಮ ಆಪರೇಷನ್‌ನಲ್ಲಿ ಪೂರ್ತಿಯಾಗಿ ನಡೆಯಿತೇ ಎಂಬುದನ್ನು ಆಪರೇಷನ್‌ನ ವಿಡಿಯೊ ಮತ್ತು ಟಿಪ್ಪಣಿ ನೋಡಿ ಪರಿಶೀಲಿಸಲಾಗುತ್ತದೆ. ಈ ಪರಿಶೀಲನೆಯನ್ನು ನಾನು ಮಾಡುವುದಿಲ್ಲ, ಬೇರೆಯವರು ಮಾಡುತ್ತಾರೆ. ಬುಧವಾರ ನಿಮ್ಮನ್ನು ಮನೆಗೆ ಕಳಿಸುವಾಗ ಲಕ್ಷಣಗಳೇನಾದರೂ ಇದ್ದವೇ ಎಂಬುದನ್ನೂ ಅವರು ನೋಡುತ್ತಾರೆ. ನಿಮಗೆ ಉತ್ತರ ಬೇಕಿರುವ ಪ್ರಶ್ನೆಗಳಿದ್ದರೆ ಈಗಲೇ ತಿಳಿಸಿ, ಅವನ್ನೂ ವಿಚಾರಣೆಗೆ ಸೇರಿಸುತ್ತೇವೆ.’

ಇಲ್ಲಿ ಹೇಳಿದ ಕ್ರಮವನ್ನು ರೋಗಿಯೂ ತಿಳಿದಿರುವುದು ಒಳ್ಳೆಯದು. ಏನನ್ನಾದರೂ ಕತ್ತರಿಸುವ ಮೊದಲು ಸರ್ಜನ್ ಪಿತ್ತಕೋಶದ ಕತ್ತಿನ ಸುತ್ತಲ ಕೊಬ್ಬು, ನಾರುಗಳನ್ನೆಲ್ಲ ಬಿಡಿಸಬೇಕು, ಅದರ ಕೆಳಭಾಗವನ್ನು ಲಿವರಿನಿಂದ ಬೇರ್ಪಡಿಸಬೇಕು, ಎರಡೇ ಎರಡು ರಚನೆಗಳು, ಒಂದು ನಾಳ ಮತ್ತು ಒಂದು ರಕ್ತನಾಳ, ಪಿತ್ತಕೋಶವನ್ನು ಸೇರುವುದು ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಮುಂದುವರಿಯಬಾರದು. ಪಿತ್ತಕೋಶದ ಒಂದು ಭಾಗವನ್ನು ಅಲ್ಲೇ ಬಿಟ್ಟು ಮುಗಿಸುವುದು, ಹೊಟ್ಟೆ ತೆರೆಯುವುದು, ಇನ್ನೊಬ್ಬ ಅನುಭವಿಯನ್ನು ಕರೆಯುವುದು, ಇವೆಲ್ಲ ಮರ್ಯಾದೆಯ ದಾರಿಗಳೇ. ವಿಚಾರಣೆಯ ವರದಿಯಲ್ಲಿ ಮೊದಲು ಹುಡುಕಬೇಕಾದ್ದು ಈ ನೋಟ ದೊರಕಿತ್ತೇ, ದೊರಕದಿದ್ದರೆ ಯಾಕೆ ನಿಲ್ಲಿಸಲಿಲ್ಲ ಎಂಬುದನ್ನು.

ರೋಗಿಗೆ ದಿನನಿತ್ಯ ಉಪಯೋಗಕ್ಕೆ ಬರುವುದು ಪತ್ರದ ಮೂರನೆಯ ಭಾಗ. ಯಾವ ಆಸ್ಪತ್ರೆಗೆ, ಯಾವಾಗ ವರ್ಗಾಯಿಸುತ್ತಾರೆ, ಕೊಳವೆ ಎಷ್ಟು ವಾರ ಇರುತ್ತದೆ, ಅದನ್ನು ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ, ಕೆಲಸಕ್ಕೆ ಯಾವಾಗ ಹೋಗಬಹುದು ಎಂಬುದೆಲ್ಲ ಅಲ್ಲಿರಬೇಕು. ಇನ್ನೂ ಒಂದು ಕಹಿ ಸತ್ಯ ಅಲ್ಲಿರಬೇಕು, ಹಲವು ಪತ್ರಗಳು ನುಂಗಿಕೊಳ್ಳುವುದು ಇದನ್ನೇ. ಕರುಳಿಗೆ ಜೋಡಿಸಿದ ನಾಳ ವರ್ಷಗಳ ನಂತರವೂ ಕಿರಿದಾಗಬಹುದು. ಆಗ ಪಿತ್ತರಸ ನಿಂತು ಸೋಂಕಾಗಿ ಚಳಿಜ್ವರ, ಮೈತುರಿಕೆ, ಕಾಮಾಲೆ ಬರುತ್ತದೆ. ಹಾಗಾಗಿ ವರ್ಷಗಟ್ಟಲೆ ನಿಯಮಿತವಾಗಿ ರಕ್ತಪರೀಕ್ಷೆ ಬೇಕು. ಈ ಲಕ್ಷಣ ಕಂಡರೆ ಅದೇ ದಿನ ಯಾವ ನಂಬರಿಗೆ ಫೋನ್ ಮಾಡಬೇಕು, ಯಾರ ಹೆಸರು ಹೇಳಬೇಕು ಎಂಬುದೂ ಪತ್ರದಲ್ಲಿ ಅಚ್ಚಾಗಿರಬೇಕು. ಐದು ವರ್ಷ ಬಿಟ್ಟು ಬೇರೆ ಊರಿನ ವೈದ್ಯರ ಮುಂದೆ ಜ್ವರವೆಂದು ಕುಳಿತಾಗ, ಈ ಒಂದು ಪುಟವನ್ನು ತೋರಿಸಿದರೆ ರೋಗನಿರ್ಣಯಕ್ಕೆ ಎಷ್ಟೋ ಸಮಯ ಉಳಿಯುತ್ತದೆ.

ಕ್ಷಮೆ ಕೇಳಿದರೆ ಕೋರ್ಟಿನಲ್ಲಿ ಸಿಕ್ಕಿಬೀಳುತ್ತೇವೆ ಎಂಬ ಭಯವೇ ಇಂಥ ಪತ್ರಗಳನ್ನು ಬಹುಕಾಲ ತಡೆದದ್ದು. ಇಂಗ್ಲೆಂಡ್ ಮತ್ತು ವೇಲ್ಸ್‌ನ 2006ರ ಪರಿಹಾರ ಕಾಯ್ದೆಯ 2ನೇ ಕಲಂ ಇದಕ್ಕೆ ಉತ್ತರ ಹೇಳಿದೆ: ಕ್ಷಮೆ ಕೇಳುವುದೊಂದರಿಂದಲೇ ನಿರ್ಲಕ್ಷ್ಯವನ್ನು ಒಪ್ಪಿಕೊಂಡಂತೆ ಆಗುವುದಿಲ್ಲ. ಎನ್‌ಎಚ್‌ಎಸ್ ಆಸ್ಪತ್ರೆಗಳ ಪರವಾಗಿ ಪರಿಹಾರದ ದಾವೆಗಳನ್ನು ನಿಭಾಯಿಸುವ ‘ಎನ್‌ಎಚ್‌ಎಸ್ ರೆಸಲ್ಯೂಷನ್’ ಸಂಸ್ಥೆಯೂ, ಕ್ಷಮೆ ಕೇಳಿದ ಕಾರಣಕ್ಕೆ ಯಾವ ದಾವೆಗೂ ರಕ್ಷಣೆ ನಿರಾಕರಿಸಿಲ್ಲ, ಮುಂದೆಯೂ ನಿರಾಕರಿಸುವುದಿಲ್ಲ ಎಂದು ಬರೆದುಕೊಟ್ಟಿದೆ. ಆದರೆ ಕಲಂನ ಮಿತಿಯನ್ನೂ ನೋಡಬೇಕು. ‘ಕ್ಷಮಿಸಿ’ ಎಂಬ ಪದಕ್ಕೆ ರಕ್ಷಣೆಯಿದೆ, ಸಂಗತಿಗಳಿಗೆ ಇಲ್ಲ. ಮುಖ್ಯ ನಾಳ ತುಂಡಾದದ್ದು ಕೇಸ್‌ಶೀಟಿನಲ್ಲೂ ಸ್ಕ್ಯಾನಿನಲ್ಲೂ ಇರುವ ಸಂಗತಿ. ಪತ್ರ ಅದನ್ನು ಮುಚ್ಚಿಟ್ಟರೂ ವಕೀಲರಿಗೆ ಅದು ಸಿಕ್ಕೇ ಸಿಗುತ್ತದೆ. ಇತ್ತ ರೋಗಿಯೂ ತಿಳಿಯಬೇಕಾದ್ದಿದೆ: ಈ ಪತ್ರ ಪರಿಹಾರದ ಭರವಸೆಯಲ್ಲ. ಪರಿಹಾರಕ್ಕೆ ಬೇರೆಯೇ ದಾವೆ ಹೂಡಿ ನಿರ್ಲಕ್ಷ್ಯವನ್ನು ಸಾಬೀತು ಮಾಡಬೇಕು, ಅದಕ್ಕೆ ಹಾನಿಯಾದ ಅಥವಾ ಹಾನಿ ತಿಳಿದ ದಿನದಿಂದ ಸಾಮಾನ್ಯವಾಗಿ ಮೂರು ವರ್ಷದ ಗಡುವು. ಹಾನಿ ಎಂದು ತಿಳಿಯಿತು ಎಂಬುದಕ್ಕೆ ಪತ್ರದ ದಿನಾಂಕವೇ ಸಾಕ್ಷಿಯಾಗಬಹುದು.

ಪತ್ರ ಬರೆಯದ ಆಸ್ಪತ್ರೆಯ ಮೇಲೆ ಆರೋಗ್ಯ ಸೇವೆಗಳ ನಿಯಂತ್ರಕ ಸಂಸ್ಥೆಯಾದ ಕೇರ್ ಕ್ವಾಲಿಟಿ ಕಮಿಷನ್ ಕ್ರಿಮಿನಲ್ ಮೊಕದ್ದಮೆ ಹಾಕಬಹುದು. ಮೊದಲ ಮೊಕದ್ದಮೆ ತೀರ್ಮಾನವಾದದ್ದು 2020ರ ಸೆಪ್ಟೆಂಬರಿನಲ್ಲಿ. ಪ್ಲಿಮತ್‌ನ ಆಸ್ಪತ್ರೆಯಲ್ಲಿ 2017ರಲ್ಲಿ ವೃದ್ಧೆಯೊಬ್ಬರಿಗೆ ಎಂಡೋಸ್ಕೋಪಿ ಮಾಡುವಾಗ ಅನ್ನನಾಳಕ್ಕೆ ರಂಧ್ರವಾಗಿ, ಮುಂದೆ ಅವರು ತೀರಿಕೊಂಡರು. ಆಸ್ಪತ್ರೆ ಮನೆಯವರಿಗೆ ಬಿಚ್ಚುಮನಸ್ಸಿನಿಂದ ವಿಷಯ ತಿಳಿಸಲಿಲ್ಲ, ಸಕಾಲಕ್ಕೆ ಕ್ಷಮೆ ಕೇಳಲಿಲ್ಲ. ತಪ್ಪೊಪ್ಪಿಕೊಂಡ ಆಸ್ಪತ್ರೆ ಸಂಸ್ಥೆಗೆ ಬಿದ್ದ ದಂಡ 1,600 ಪೌಂಡ್, ಖರ್ಚುವೆಚ್ಚ ಸೇರಿ ಒಟ್ಟು 12,565 ಪೌಂಡ್. ದೊಡ್ಡ ಆಸ್ಪತ್ರೆಗೆ ಈ ಮೊತ್ತ ಚಿಲ್ಲರೆ ಕಾಸು. ಗಮನಿಸಬೇಕಾದ್ದೆಂದರೆ, ಮೊಕದ್ದಮೆ ನಡೆದದ್ದು ರಂಧ್ರ ಮಾಡಿದ್ದಕ್ಕಲ್ಲ, ಹೇಳದೆ ಉಳಿದದ್ದಕ್ಕೆ.

ಮೊದಲ ಪತ್ರದಿಂದ ವಿಷಯ ಮುಗಿಯುವುದಿಲ್ಲ. ವಿಚಾರಣೆ ಮುಗಿದ ಮೇಲೆ ಅದರ ಫಲಿತಾಂಶವನ್ನೂ ಬರವಣಿಗೆಯಲ್ಲಿ ಕೊಡಬೇಕು. ನಮ್ಮ ಕಲ್ಪಿತ ಪ್ರಕರಣದಲ್ಲಿ ವಿಡಿಯೊ ನೋಡಿದವರಿಗೆ ಎರಡು ರಚನೆಗಳು ಬೇರೆ ಬೇರೆಯಾಗಿ ಕಂಡೇ ಇರಲಿಲ್ಲ ಎಂದು ತಿಳಿಯಿತು ಎಂದುಕೊಳ್ಳೋಣ. ಆಗ ಎರಡನೆಯ ಪತ್ರ ‘ಸುರಕ್ಷತಾ ಕ್ರಮ ಪೂರ್ತಿಯಾಗುವ ಮೊದಲೇ ಕ್ಲಿಪ್ ಹಾಕಲಾಯಿತು, ಆ ಹಂತದಲ್ಲಿ ನಿಲ್ಲಿಸಬೇಕಿತ್ತು’ ಎಂದು ನೇರವಾಗಿ ಹೇಳಬೇಕು. ಇಲ್ಲಿ ಕ್ಷಮೆಯ ಧಾಟಿಯೂ ಬದಲಾಗುತ್ತದೆ: ಮೊದಲು ಆದ ಹಾನಿಗೆ ಕೇಳಿದ ಕ್ಷಮೆ ಈಗ ಮಾಡಿದ ತಪ್ಪಿಗೆ. ಹಾಗೆಯೇ ‘ಪಾಠ ಕಲಿತಿದ್ದೇವೆ’ ಎಂಬ ಸವಕಲು ಮಾತಿನ ಬದಲು ಏನು ಬದಲಾಯಿತು ಎಂಬುದನ್ನು ಪರೀಕ್ಷಿಸಬಹುದಾದಂತೆ ಬರೆಯಬೇಕು, ಉದಾಹರಣೆಗೆ, ಕತ್ತರಿಸುವ ಮೊದಲು ಆ ನೋಟದ ಫೋಟೊ ತೆಗೆದು ಕಡತದಲ್ಲಿ ಇಡುವುದು ಇಂಥ ತಿಂಗಳಿನಿಂದ ಕಡ್ಡಾಯವಾಗಿದೆ ಎಂದು. ಪತ್ರಗಳ ಪ್ರತಿಗಳನ್ನೆಲ್ಲ ಆಸ್ಪತ್ರೆ ಕಾಪಿಡಬೇಕು. ತನ್ನೊಡನೆ ಮಾತೇ ಬೇಡವೆಂದು ರೋಗಿ ಹೇಳಿದರೆ ಅದನ್ನೂ ದಾಖಲಿಸಬೇಕು, ಪತ್ರವನ್ನು ಒತ್ತಾಯವಾಗಿ ಕಳಿಸುವಂತಿಲ್ಲ.

ಭಾರತದಲ್ಲಿ ಇಂಥ ಪತ್ರವನ್ನು ಕಡ್ಡಾಯ ಮಾಡುವ ಕಾನೂನಿಲ್ಲ, ಕ್ಷಮೆ ಕೇಳಿದ ವೈದ್ಯರಿಗೆ 2006ರ ಆ ಕಲಂನಂಥ ಆಸರೆಯೂ ಇಲ್ಲ. ವಿ.ಪಿ. ಶಾಂತಾ ಪ್ರಕರಣದ 1995ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬಂತು. ರೋಗಿ ಸತ್ತರೆ ನಿರ್ಲಕ್ಷ್ಯದ ಕ್ರಿಮಿನಲ್ ಮೊಕದ್ದಮೆಯೂ ಬರಬಹುದು. ಆಸ್ಪತ್ರೆಯ ಮುಂದೆ ಗಲಾಟೆಯಾಗುವ ಭಯ ಬೇರೆ. ಇಂಥಲ್ಲಿ ಬೆಂಗಳೂರಿನದಾಗಲಿ ಹುಬ್ಬಳ್ಳಿಯದಾಗಲಿ ಆಸ್ಪತ್ರೆಯೊಂದು ‘ನಾನು ಕತ್ತರಿಸಿದೆ’ ಎಂದು ಬರೆದುಕೊಡುವುದು ಅಪರೂಪ. ಅದೇ ಮಾಹಿತಿ ರೋಗಿಗೆ ಬೇರೆ ದಾರಿಯಿಂದ ಸಿಗುತ್ತದೆ. ವೈದ್ಯರ ನಡತೆಯ ಬಗ್ಗೆ 2002ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ಮಾಡಿದ ನಿಯಮದಂತೆ, ರೋಗಿ ಅಥವಾ ಅವರು ಒಪ್ಪಿಗೆ ಕೊಟ್ಟವರು ಕೇಳಿದ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆಗಳನ್ನು ಕೊಡಬೇಕು. ಡಿಸ್ಚಾರ್ಜ್ ಸಾರಾಂಶ ಮಾತ್ರ ಪಡೆದು ಸುಮ್ಮನಾಗದೆ ಆಪರೇಷನ್ ಟಿಪ್ಪಣಿ, ಅರಿವಳಿಕೆಯ ಚಾರ್ಟ್, ನರ್ಸಿಂಗ್ ನೋಟ್ಸ್, ಸ್ಕ್ಯಾನ್ ಚಿತ್ರಗಳಿರುವ ಸಿ.ಡಿ., ವಿಡಿಯೊ ಇದ್ದರೆ ಅದನ್ನೂ ಹೆಸರಿಸಿ ಲಿಖಿತವಾಗಿ ಕೇಳಿ, ಮನವಿಯ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಸಾಮಾನ್ಯವಾಗಿ ಎರಡು ವರ್ಷವಷ್ಟೇ ಗಡುವು ಇರುವುದರಿಂದ ದಾಖಲೆ ಕೇಳುವ ಕೆಲಸವನ್ನು ಮುಂದಕ್ಕೆ ಹಾಕುವಂತಿಲ್ಲ.